ಕಾಂಟ್ರಾಕ್ಟ್ ನೋಟ್ ಲೆಕ್ಕ ನೋಡುವುದು ಹೇಗೆ: ಆಲ್ದೂರಿನ ಒಂದು ನೋಟ್, ಸಾಲು ಸಾಲಾಗಿ

ನಮ್ಮ ಚಿಕ್ಕಪ್ಪನ ತೋಟ ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗಿದೆ. ಕಾಫಿ ಮಾರಿದ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ಅವರು ಷೇರಿಗೆ ಹಾಕುತ್ತಾರೆ. ಕಳೆದ ವರ್ಷ ಕೊಯ್ಲು ಮುಗಿದ ಮೇಲೆ ಒಂದು ದಿನ ಅವರ ಮನೆಗೆ ಹೋಗಿದ್ದೆ. ಷೇರು ಕೊಂಡಾಗ, ಮಾರಿದಾಗ ಬ್ರೋಕರ್ ಕಳಿಸುವ ಲೆಕ್ಕದ ಚೀಟಿಯೇ ಕಾಂಟ್ರಾಕ್ಟ್ ನೋಟ್. ಅವನ್ನೆಲ್ಲ ಪ್ರಿಂಟ್ ತೆಗೆಸಿ ಒಂದು ಫೈಲಿನಲ್ಲಿ ಇಟ್ಟಿದ್ದರು. ಒಂದನ್ನೂ ಓದಿರಲಿಲ್ಲ.

"ಚೆರಿ ಮೂಟೆಗೆ ಔಟ್‌ಟರ್ನ್ ಅರ್ಧ ಕೇಜಿ ಕಮ್ಮಿ ಬಂದ್ರೆ ಕ್ಯೂರಿಂಗ್ ವರ್ಕ್ಸಿಗೇ ಹೋಗಿ ಕೂರ್ತೀನಿ ಕಣೋ. ಇದು ಮಾತ್ರ ನಂಗೆ ಅರ್ಥ ಆಗಲ್ಲ. ಕೂಡಿ ನೋಡಿದ್ದೆ, ಟೋಟಲ್ ಸರಿ ಇತ್ತು, ಬಿಟ್ಟೆ" ಅಂದರು.

ಟೋಟಲ್ ನಿಜವಾಗಿಯೂ ಸರಿ ಇತ್ತು. ಆದರೂ ಆ ಒಂದೇ ನೋಟ್‌ನಲ್ಲಿ 472 ರೂಪಾಯಿ ಜಾಸ್ತಿ ಹೋಗಿತ್ತು. ಅದು ಹೇಗೆ ಅಂತ ಅವರಿಗೆ ತೋರಿಸಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಮಾಡಿದ ನೋಟ್‌ನಲ್ಲಿ ಕೂಡುವ ತಪ್ಪು ಇರುವುದು ತೀರಾ ಅಪರೂಪ. ತಪ್ಪು ಇರುವುದು ಕೂಡುವ ಮುಂಚೆ ಹಾಕಿದ ದರದಲ್ಲಿ. ದರ ಸರಿಯೋ ಅಲ್ಲವೋ ಅಂತ ನೋಟ್ ನೋಡಿ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಕಾಗದ ಬೇಕು.

ಮೊದಲು ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದ್ದು

ಖಾತೆ ತೆರೆಯುವಾಗ ಸಹಿ ಮಾಡಿದ ಫಾರಂಗಳಲ್ಲಿ ಒಂದು ದರಪಟ್ಟಿ ಇರುತ್ತದೆ. ಅದನ್ನು ಟ್ಯಾರಿಫ್ ಶೀಟ್ ಅನ್ನುತ್ತಾರೆ. ಬ್ರೋಕರೇಜ್ ಅಂದರೆ ಬ್ರೋಕರ್ ಹಿಡಿಯುವ ಕಮಿಷನ್. ಕೊಂಡ ಷೇರನ್ನು ಖಾತೆಗೆ ತೆಗೆದುಕೊಳ್ಳುವ ಅಥವಾ ಖಾತೆಯಲ್ಲಿದ್ದದ್ದನ್ನು ಮಾರುವ ಡೆಲಿವರಿಗೆ ಎಷ್ಟು, ಒಂದೇ ದಿನ ಕೊಂಡು ಮಾರುವ ಇಂಟ್ರಾಡೇಗೆ ಎಷ್ಟು, ಕನಿಷ್ಠ ಬ್ರೋಕರೇಜ್ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಸಿಗದಿದ್ದರೆ ಬ್ರೋಕರ್‌ಗೆ ಇಮೇಲ್ ಮಾಡಿ ನಿಮ್ಮ ಸಹಿ ಇರುವ ಪ್ರತಿಯನ್ನೇ ಕೇಳಿ. ಆಫೀಸಿನವರು ಬಾಯಲ್ಲಿ ಹೇಳುವ ದರ ಆಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ.

ಎರಡನೆಯದು, ಆ ದಿನದ ವ್ಯವಹಾರದ ಬಗ್ಗೆ ಎಕ್ಸ್‌ಚೇಂಜ್‌ನಿಂದ, ಅಂದರೆ ಎನ್‌ಎಸ್‌ಇ ಅಥವಾ ಬಿಎಸ್‌ಇಯಿಂದ, ನೇರವಾಗಿ ಬಂದ ಎಸ್‌ಎಂಎಸ್. ಮೂರನೆಯದು, ಲೆಡ್ಜರ್. ಅಂದರೆ ಬ್ರೋಕರ್ ಹತ್ತಿರ ಇರುವ ನಿಮ್ಮ ಖಾತೆಯ ಜಮಾ-ಖರ್ಚಿನ ಪಟ್ಟಿ.

ಕಾಂಟ್ರಾಕ್ಟ್ ನೋಟ್ ವ್ಯವಹಾರ ನಡೆದ 24 ಗಂಟೆಯೊಳಗೆ ನಿಮಗೆ ಬರಬೇಕು. ಸಾಮಾನ್ಯವಾಗಿ ಡಿಜಿಟಲ್ ಸಹಿ ಇರುವ ಪಿಡಿಎಫ್ ಇಮೇಲ್‌ಗೆ ಬರುತ್ತದೆ. ಹೆಚ್ಚಿನವರು ಪಾಸ್‌ವರ್ಡ್ ಆಗಿ ಪ್ಯಾನ್ ನಂಬರ್ ಇಡುತ್ತಾರೆ. ನಿಮಗೆ ನೋಟ್ ಬರುತ್ತಲೇ ಇಲ್ಲ ಅಂದರೆ ಸುಮ್ನೆ ಇರಬೇಡಿ. ಖಾತೆಯಲ್ಲಿ ಯಾರ ಇಮೇಲ್, ಯಾರ ಮೊಬೈಲ್ ನಂಬರ್ ಹಾಕಿದ್ದಾರೆ ಅಂತ ಮೊದಲು ನೋಡಿ. ಫಾರಂ ತುಂಬಿದ ಆಫೀಸಿನವರು ತಮ್ಮದೇ ಇಮೇಲ್ ಹಾಕಿದ್ದರೆ ನಿಮ್ಮ ಖಾತೆಯಲ್ಲಿ ಏನು ನಡೆದರೂ ನಿಮಗೆ ತಿಳಿಯುವುದಿಲ್ಲ.

ಮೇಲಿನ ಅರ್ಧ: ವ್ಯವಹಾರ ನಿಮ್ಮದೇನಾ?

ನೋಟ್‌ನ ಮೇಲಿನ ಅರ್ಧದಲ್ಲಿ ಒಂದೊಂದು ವ್ಯವಹಾರಕ್ಕೂ ಒಂದು ಸಾಲು. ಆರ್ಡರ್ ನಂಬರ್, ಟ್ರೇಡ್ ನಂಬರ್, ಸಮಯ, ಷೇರಿನ ಹೆಸರು, ಕೊಂಡಿದ್ದೋ ಮಾರಿದ್ದೋ, ಎಷ್ಟು, ಯಾವ ಬೆಲೆಗೆ. ಇದನ್ನು ಆ ದಿನದ ಎಸ್‌ಎಂಎಸ್ ಜೊತೆ ಹೋಲಿಸಿ. ನೀವು ಕೊಟ್ಟಿದ್ದು ಒಂದೇ ಆರ್ಡರ್ ಆದರೂ ಇಲ್ಲಿ ಎರಡು ಮೂರು ಸಾಲು ಕಾಣಬಹುದು. ಎದುರಿನಿಂದ ಮಾರಿದವರು ಬೇರೆ ಬೇರೆ ಆಗಿದ್ದರೆ ಹಾಗಾಗುತ್ತದೆ. ಆರ್ಡರ್ ನಂಬರ್ ಒಂದೇ ಇದ್ದು ಟ್ರೇಡ್ ನಂಬರ್ ಬೇರೆ ಬೇರೆ ಇದ್ದರೆ ಸರಿಯಿದೆ ಅಂತ ಅರ್ಥ.

ಚಿಕ್ಕಪ್ಪನ ನೋಟ್‌ನಲ್ಲಿ ಮೂರು ಸಾಲು ಇದ್ದವು. ಕಂಪನಿಗಳ ಹೆಸರು ಇಲ್ಲಿ ಬೇಡ, ಅಂಕಿ ಸಾಕು.

ಮೊದಲ ಕಂಪನಿಯ 500 ಷೇರು ಕೊಂಡಿದ್ದರು. 300 ಷೇರು 240 ರೂಪಾಯಿಗೆ, 200 ಷೇರು 240.50ಕ್ಕೆ. ಅಂದರೆ 72,000 ಮತ್ತು 48,100, ಒಟ್ಟು 1,20,100. ಅದೇ ದಿನ ಮೊದಲಿನಿಂದ ಇಟ್ಟುಕೊಂಡಿದ್ದ ಇನ್ನೊಂದು ಕಂಪನಿಯ 100 ಷೇರನ್ನು 800 ರೂಪಾಯಿಗೆ ಮಾರಿದ್ದರು. ಅದು 80,000. ಎಲ್ಲವೂ ಎನ್‌ಎಸ್‌ಇಯಲ್ಲಿ, ಎಲ್ಲವೂ ಡೆಲಿವರಿ.

ಈ ಮೂರು ಅಂಕಿ ಬರೆದುಕೊಳ್ಳಿ: ಕೊಂಡಿದ್ದು 1,20,100, ಮಾರಿದ್ದು 80,000, ಎರಡೂ ಸೇರಿ 2,00,100. ಮುಂದಿನ ಎಲ್ಲ ಲೆಕ್ಕ ಇವುಗಳ ಮೇಲೇ ನಿಂತಿದೆ. ಇವನ್ನು ಬರೆಯುವಾಗ ಬ್ರೋಕರೇಜ್ ಸೇರದ ಬೆಲೆಯನ್ನೇ ಹಿಡಿಯಬೇಕು. ನೋಟ್‌ನಲ್ಲಿ ಆ ಕಾಲಂಗೆ ಗ್ರಾಸ್ ರೇಟ್ ಅಂತ ಹೆಸರು ಇರುತ್ತದೆ. ಅದರ ಮುಂದೆ ಇರುವ ನೆಟ್ ರೇಟ್ ಬೇರೆ, ಅದರಲ್ಲಿ ಬ್ರೋಕರೇಜ್ ಸೇರಿಕೊಂಡಿರುತ್ತದೆ.

ಬೆಲೆಯ ಬಗ್ಗೆಯೋ ವ್ಯವಹಾರದ ಬಗ್ಗೆಯೋ ಅನುಮಾನ ಬಂದರೆ ಎನ್‌ಎಸ್‌ಇ ಮತ್ತು ಬಿಎಸ್‌ಇ ಎರಡರ ವೆಬ್‌ಸೈಟಿನಲ್ಲೂ ಟ್ರೇಡ್ ವೆರಿಫಿಕೇಶನ್ ಅನ್ನುವ ಸೌಲಭ್ಯ ಇದೆ. ಟ್ರೇಡ್ ನಂಬರ್ ಮತ್ತು ಉಳಿದ ವಿವರ ಹಾಕಿದರೆ ಎಕ್ಸ್‌ಚೇಂಜ್‌ನ ದಾಖಲೆಯಲ್ಲಿ ಅದು ಇದೆಯೋ ಇಲ್ಲವೋ ತಿಳಿಯುತ್ತದೆ. ವ್ಯವಹಾರ ಆದ ಮೇಲೆ ಕೆಲವೇ ದಿನ ಮಾತ್ರ ಇದು ಸಿಗುತ್ತದೆ, ಹಾಗಾಗಿ ಅನುಮಾನ ಬಂದ ವಾರವೇ ನೋಡಬೇಕು.

ಬ್ರೋಕರೇಜ್: ಇಲ್ಲೇ ನಿಧಾನ ಮಾಡಿ

ಪ್ರತಿ ಸಾಲಿನಲ್ಲೂ ಬ್ರೋಕರೇಜ್ ಪರ್ ಯೂನಿಟ್ ಅಂತ ಒಂದು ಕಾಲಂ ಇರುತ್ತದೆ. ಒಂದು ಷೇರಿಗೆ ಎಷ್ಟು ಬ್ರೋಕರೇಜ್ ಹಿಡಿದಿದ್ದಾರೆ ಅಂತ. ಸಣ್ಣ ಅಂಕಿ, ದಶಾಂಶದ ನಂತರ ನಾಲ್ಕು ಸ್ಥಾನದವರೆಗೆ ಬೇರೆ. ಹಾಗಾಗಿ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ.

ಚಿಕ್ಕಪ್ಪನ ನೋಟ್‌ನಲ್ಲಿ ಆ ಕಾಲಂನಲ್ಲಿ 1.2000, 1.2025 ಮತ್ತು 4.0000 ಅಂತ ಇತ್ತು. ಒಂದನ್ನು ತೆಗೆದುಕೊಂಡು ಬೆಲೆಯಿಂದ ಭಾಗಿಸಿ. 4 ರೂಪಾಯಿಯನ್ನು 800ರಿಂದ ಭಾಗಿಸಿದರೆ 0.005, ಅಂದರೆ ಶೇ. 0.50. 1.20 ಅನ್ನು 240ರಿಂದ ಭಾಗಿಸಿದರೂ ಶೇ. 0.50.

"ದರಪಟ್ಟಿ ಎಲ್ಲಿದೆ ಚಿಕ್ಕಪ್ಪ?" ಅಂದೆ. ಬೀರುವಿನಿಂದ ತಂದುಕೊಟ್ಟರು. ಡೆಲಿವರಿಗೆ ಶೇ. 0.30 ಅಂತ ಇತ್ತು, ಕೆಳಗೆ ಅವರದ್ದೇ ಸಹಿ.

ಎಲ್ಲ ಸೇರಿಸಿ ನೋಡೋಣ. ಶೇ. 0.50ರ ಲೆಕ್ಕದಲ್ಲಿ 2,00,100ಕ್ಕೆ ಬ್ರೋಕರೇಜ್ 1,000.50. ಶೇ. 0.30ರ ಲೆಕ್ಕದಲ್ಲಿ 600.30. ಹೆಚ್ಚಿಗೆ ಹೋದದ್ದು 400.20. ಇದರ ಮೇಲೆ ಶೇ. 18 ಜಿಎಸ್‌ಟಿಯೂ ಹೆಚ್ಚಿಗೆ ಹೋಗಿದೆ, ಅದು 72.04. ಎರಡೂ ಸೇರಿ 472.24. ನೋಟ್‌ನ ಉಳಿದ ಎಲ್ಲ ಸಾಲುಗಳೂ ಈ ತಪ್ಪು ಬ್ರೋಕರೇಜ್ ಹಿಡಿದೇ ಸರಿಯಾಗಿ ಕೂಡಿದ್ದವು. ಅದಕ್ಕೇ ಚಿಕ್ಕಪ್ಪನಿಗೆ ಟೋಟಲ್ ಸರಿ ಕಂಡಿದ್ದು.

ಭಾಗಿಸಿದಾಗ ಬಂದ ದರ ಒಪ್ಪಿದ ದರಕ್ಕಿಂತ ಜಾಸ್ತಿ ಇದ್ದ ಕೂಡಲೇ ಮೋಸ ಅಂತ ತೀರ್ಮಾನ ಮಾಡಬೇಡಿ. ದರಪಟ್ಟಿಯಲ್ಲಿ ಕನಿಷ್ಠ ಬ್ರೋಕರೇಜ್ ಅನ್ನುವ ಸಾಲು ಇದೆಯಾ ನೋಡಿ. "ಶೇ. 0.30 ಅಥವಾ ಷೇರಿಗೆ 5 ಪೈಸೆ, ಯಾವುದು ಜಾಸ್ತಿಯೋ ಅದು" ಅಂತ ಇದ್ದರೆ ಕಡಿಮೆ ಬೆಲೆಯ ಷೇರಿನಲ್ಲಿ ಪೈಸೆಯ ಲೆಕ್ಕ ಮೇಲುಗೈ ಆಗುತ್ತದೆ. 12 ರೂಪಾಯಿಯ ಷೇರಿಗೆ ಶೇ. 0.30 ಅಂದರೆ 3.6 ಪೈಸೆ. ಆದರೆ ಹಿಡಿಯುವುದು 5 ಪೈಸೆ. 5,000 ಷೇರು ಕೊಂಡರೆ 180 ರೂಪಾಯಿಯ ಬದಲು 250. ಇದಕ್ಕೆ ನೀವು ಸಹಿ ಹಾಕಿದ್ದರೆ ಬ್ರೋಕರ್ ಮಾಡಿದ್ದು ಸರಿ.

ಒಂದು ಆರ್ಡರಿಗೆ ಕನಿಷ್ಠ ಇಷ್ಟು ಅಂತಲೂ ಇರಬಹುದು. ಕನಿಷ್ಠ 30 ರೂಪಾಯಿ ಅಂತ ಇದ್ದು, ನೀವು 10,000 ರೂಪಾಯಿಯ ಷೇರನ್ನು 2,000ದ ಐದು ಆರ್ಡರ್ ಮಾಡಿ ಕೊಂಡರೆ 150 ರೂಪಾಯಿ ಹೋಗುತ್ತದೆ. ಒಂದೇ ಆರ್ಡರ್ ಆಗಿದ್ದರೆ 30ರಲ್ಲಿ ಮುಗಿಯುತ್ತಿತ್ತು. ಚಿಕ್ಕಪ್ಪನ ದರಪಟ್ಟಿಯಲ್ಲಿ ಇಂಥ ಸಾಲು ಯಾವುದೂ ಇರಲಿಲ್ಲ. ಮೂರೂ ವ್ಯವಹಾರಕ್ಕೆ ಸರಿಯಾಗಿ ಶೇ. 0.50 ಬಂದದ್ದೇ ಇನ್ನೊಂದು ಸುಳಿವು. ಕನಿಷ್ಠ ದರ ಹಿಡಿದಿದ್ದರೆ ಶೇಕಡಾವಾರು ಒಂದೊಂದು ಸಾಲಿಗೆ ಒಂದೊಂದು ತರ ಬರುತ್ತಿತ್ತು. ಎಲ್ಲ ಕಡೆ ಒಂದೇ ಬಂದಿದೆ ಅಂದರೆ ಅವರ ಕಂಪ್ಯೂಟರಿನಲ್ಲಿ ಇವರ ಖಾತೆಗೆ ತಪ್ಪು ದರ ಕೂತಿದೆ.

ಬ್ರೋಕರೇಜ್‌ಗೆ ಮೇಲ್ಮಿತಿಯೂ ಉಂಟು, ವ್ಯವಹಾರದ ಬೆಲೆಯ ಶೇ. 2.5. ಆದರೆ ಅದು ಎಷ್ಟು ದೊಡ್ಡದು ಅಂದರೆ ನಿಮ್ಮನ್ನು ಕಾಯುವುದು ಆ ಮಿತಿಯಲ್ಲ, ನಿಮ್ಮ ದರಪಟ್ಟಿಯೇ.

ಕೆಳಗಿನ ಅರ್ಧ: ತೆರಿಗೆ ಮತ್ತು ಶುಲ್ಕ

ಇಲ್ಲಿ ಐದು ಸಾಲು ಇರುತ್ತವೆ. ಬ್ರೋಕರ್ ಇವನ್ನು ವಸೂಲಿ ಮಾಡಿ ಬೇರೆಯವರಿಗೆ ಕಟ್ಟುತ್ತಾರೆ.

ಎಸ್‌ಟಿಟಿ, ಅಂದರೆ ಷೇರು ವ್ಯವಹಾರದ ಮೇಲಿನ ತೆರಿಗೆ, ಎಲ್ಲಕ್ಕಿಂತ ದೊಡ್ಡದು. ಡೆಲಿವರಿಯಲ್ಲಿ ಕೊಂಡರೂ ಮಾರಿದರೂ ಶೇ. 0.1, ಅಂದರೆ ಸಾವಿರಕ್ಕೆ ಒಂದು ರೂಪಾಯಿ. 1,20,100ಕ್ಕೆ 120.10, 80,000ಕ್ಕೆ 80. ಒಟ್ಟು 200.10. ಎಸ್‌ಟಿಟಿಯನ್ನು ಪೂರ್ತಿ ರೂಪಾಯಿಗೆ ಹೊಂದಿಸುತ್ತಾರೆ, ಹಾಗಾಗಿ ನೋಟ್‌ನಲ್ಲಿ 200 ಅಂತ ಇತ್ತು. ಪೈಸೆಯ ಈ ವ್ಯತ್ಯಾಸ ತಪ್ಪಲ್ಲ.

ಸ್ಟಾಂಪ್ ಡ್ಯೂಟಿ ಕೊಂಡದ್ದಕ್ಕೆ ಮಾತ್ರ. 2020ರ ಜುಲೈ 1ರಿಂದ ಇಡೀ ದೇಶಕ್ಕೆ ಒಂದೇ ದರ ಇದೆ. ಡೆಲಿವರಿಗೆ ಶೇ. 0.015, ಲಕ್ಷಕ್ಕೆ 15 ರೂಪಾಯಿ. 1,20,100ಕ್ಕೆ 18.02 ಬರುತ್ತದೆ, ನೋಟ್‌ನಲ್ಲಿ 18 ಅಂತ ಹಾಕಿದ್ದರು. ಮಾರಿದ 80,000ವನ್ನೂ ಸೇರಿಸಿ 30 ರೂಪಾಯಿ ಹಾಕಿದ್ದರೆ ಅದು ತಪ್ಪಾಗುತ್ತಿತ್ತು.

ಎಕ್ಸ್‌ಚೇಂಜ್ ವಹಿವಾಟು ಶುಲ್ಕ ಕೊಂಡದ್ದು ಮಾರಿದ್ದು ಎರಡಕ್ಕೂ ಇದೆ. 2024ರ ಅಕ್ಟೋಬರ್ 1ರಿಂದ ಎನ್‌ಎಸ್‌ಇ ನಗದು ವಿಭಾಗದಲ್ಲಿ ಇದನ್ನು ಲಕ್ಷಕ್ಕೆ 2.97 ರೂಪಾಯಿ ಮಾಡಿದರು. ಅದಕ್ಕೆ ಮೊದಲು ಹೆಚ್ಚು ವಹಿವಾಟು ಮಾಡುವ ಬ್ರೋಕರ್‌ಗೆ ಎಕ್ಸ್‌ಚೇಂಜ್ ಕಡಿಮೆ ದರ ಹಾಕುತ್ತಿತ್ತು. ಗ್ರಾಹಕರಿಂದ ಜಾಸ್ತಿ ವಸೂಲಿ ಮಾಡಿ ವ್ಯತ್ಯಾಸ ಇಟ್ಟುಕೊಳ್ಳಲು ಅಲ್ಲಿ ಜಾಗ ಇತ್ತು. ಗ್ರಾಹಕರಿಂದ ತೆಗೆದುಕೊಂಡಷ್ಟೇ ಎಕ್ಸ್‌ಚೇಂಜ್‌ಗೆ ಹೋಗಬೇಕು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಅದನ್ನು ನಿಲ್ಲಿಸಿತು. ಈ ದರ ಆಗಾಗ ಬದಲಾಗುತ್ತದೆ, ಬಿಎಸ್‌ಇಯ ದರವೇ ಬೇರೆ. ಆದ್ದರಿಂದ ನಿಮ್ಮ ನೋಟ್‌ನ ದಿನಕ್ಕೆ ಇದ್ದ ದರವನ್ನು ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಲೆಕ್ಕ ಹಾಕಿ. ಚಿಕ್ಕಪ್ಪನ 2,00,100ಕ್ಕೆ 5.94.

ಸೆಬಿ ಶುಲ್ಕ ಕೋಟಿಗೆ 10 ರೂಪಾಯಿ. ಇಲ್ಲಿ 20 ಪೈಸೆ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಜಿಎಸ್‌ಟಿ ಶೇ. 18. ಯಾವುದರ ಮೇಲೆ ಅನ್ನುವುದೇ ಮುಖ್ಯ. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಸೆಬಿ ಶುಲ್ಕ, ಈ ಮೂರರ ಮೇಲೆ ಮಾತ್ರ. ಎಸ್‌ಟಿಟಿ ಮತ್ತು ಸ್ಟಾಂಪ್ ಡ್ಯೂಟಿ ತಾವೇ ತೆರಿಗೆ, ಅವುಗಳ ಮೇಲೆ ಜಿಎಸ್‌ಟಿ ಇಲ್ಲ. 1,000.50, 5.94 ಮತ್ತು 0.20 ಸೇರಿ 1,006.64. ಅದಕ್ಕೆ ಸಿಜಿಎಸ್‌ಟಿ ಶೇ. 9ರಂತೆ 90.60, ಎಸ್‌ಜಿಎಸ್‌ಟಿ ಇನ್ನೊಂದು 90.60. ಒಟ್ಟು 181.20.

ನಿಮ್ಮ ನೋಟ್‌ನಲ್ಲಿ ಇವೆರಡೂ ಖಾಲಿ ಇದ್ದು ಐಜಿಎಸ್‌ಟಿ ಅಂತ ಒಂದೇ ಸಾಲಿನಲ್ಲಿ ಶೇ. 18 ಇದೆಯಾ? ಗಾಬರಿ ಬೇಡ. ನೋಟ್‌ನಲ್ಲಿರುವ ಬ್ರೋಕರ್‌ನ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. 29 ಇದ್ದರೆ ಕರ್ನಾಟಕ, 27 ಇದ್ದರೆ ಮಹಾರಾಷ್ಟ್ರ. ಮುಂಬೈ ಆಫೀಸಿನಿಂದ ಬಿಲ್ ಮಾಡಿದರೆ ಐಜಿಎಸ್‌ಟಿ ಬರುತ್ತದೆ, ಮೊತ್ತ ಅಷ್ಟೇ. ಮೂರೂ ಸಾಲಿನಲ್ಲಿ ಅಂಕಿ ಇದ್ದರೆ ಮಾತ್ರ ಕೇಳಬೇಕು.

ಕೊನೆಯ ಸಾಲು

ಈಗ ಕಟ್ಟಬೇಕಾದ್ದು ಎಷ್ಟು ಅಂತ ನೋಡೋಣ. ಕೊಂಡ 1,20,100ರಲ್ಲಿ ಮಾರಿದ 80,000 ಕಳೆದರೆ 40,100. ಬ್ರೋಕರೇಜ್ 1,000.50 ಸೇರಿಸಿದರೆ 41,100.50. ಅದಕ್ಕೆ 5.94, 0.20, 181.20, 200 ಮತ್ತು 18. ಒಟ್ಟು 41,505.84. ನೋಟ್‌ನ ಕೊನೆಯಲ್ಲೂ ಇದೇ ಇತ್ತು. ಶೇ. 0.30 ಹಿಡಿದಿದ್ದರೆ 41,033.60 ಬರಬೇಕಿತ್ತು.

ಇಲ್ಲಿ ತುಂಬ ಜನ ಎಡವುವ ಒಂದು ಜಾಗ ಇದೆ. ತೆರಿಗೆ ಮತ್ತು ಶುಲ್ಕ ಸೇರಿಸುವ ಮುಂಚಿನ ಮೊತ್ತವನ್ನು ಕೆಲವು ಬ್ರೋಕರ್‌ಗಳು ನೆಟ್ ರೇಟ್‌ನಿಂದ ಲೆಕ್ಕ ಹಾಕುತ್ತಾರೆ. ಆಗ ಆ ಸಾಲಿನಲ್ಲೇ 41,100.50 ಕಾಣುತ್ತದೆ, ಬ್ರೋಕರೇಜ್ ಆಗಲೇ ಒಳಗೆ ಸೇರಿದೆ. ಇನ್ನು ಕೆಲವರು 40,100 ತೋರಿಸಿ, ಬ್ರೋಕರೇಜ್ ಅನ್ನು ಕೆಳಗೆ "ಟ್ಯಾಕ್ಸಬಲ್ ವ್ಯಾಲ್ಯೂ ಆಫ್ ಸಪ್ಲೈ" ಅನ್ನುವ ಸಾಲಿನಲ್ಲಿ ಬೇರೆಯಾಗಿ ಇಡುತ್ತಾರೆ. ನಿಮ್ಮದು ಯಾವುದು ಅಂತ ನೋಡದೆ ಕೂಡಿದರೆ ಬ್ರೋಕರೇಜ್ ಎರಡು ಸಲ ಬಂದಂತೆ ಕಂಡು, ಇಲ್ಲದ ತಪ್ಪಿಗೆ ಜಗಳ ಆಗುತ್ತದೆ. ಮೊದಲ ಸಾಲಿನ ನೆಟ್ ರೇಟನ್ನು ಷೇರುಗಳ ಸಂಖ್ಯೆಯಿಂದ ಗುಣಿಸಿ. 241.20 ಗುಣಿಸು 300 ಅಂದರೆ 72,360. ನೋಟ್‌ನಲ್ಲಿ ಆ ಸಾಲಿನ ಟೋಟಲ್ 72,360 ಇದ್ದರೆ ಬ್ರೋಕರೇಜ್ ಒಳಗಿದೆ, 72,000 ಇದ್ದರೆ ಹೊರಗಿದೆ.

ಪ್ರತಿ ಸಲ ಕೈಯಲ್ಲಿ ಲೆಕ್ಕ ಹಾಕುವ ಬದಲು ಚಿಕ್ಕಪ್ಪನ ಫೋನಿನಲ್ಲಿ ಒಂದು ಶೀಟ್ ಮಾಡಿಕೊಟ್ಟೆ. ಮೊದಲ ಮೂರು ಅಂಕಿ ಬದಲಿಸಿದರೆ ಸಾಕು. ಕೊಂಡದ್ದು, ಮಾರಿದ್ದು, ಬ್ರೋಕರೇಜ್, ಆಮೇಲೆ ಎಕ್ಸ್‌ಚೇಂಜ್ ಶುಲ್ಕ, ಸೆಬಿ ಶುಲ್ಕ, ಜಿಎಸ್‌ಟಿ, ಎಸ್‌ಟಿಟಿ, ಸ್ಟಾಂಪ್ ಡ್ಯೂಟಿ, ಕೊನೆಗೆ ಕಟ್ಟಬೇಕಾದ ಮೊತ್ತ. ಅದೇ ಕ್ರಮದಲ್ಲಿ:

```
B1  120100
B2  80000
B3  1000.50
B4  =ROUND((B1+B2)*0.0000297,2)
B5  =ROUND((B1+B2)*0.000001,2)
B6  =2*ROUND((B3+B4+B5)*0.09,2)
B7  =ROUND((B1+B2)*0.001,0)
B8  =ROUND(B1*0.00015,0)
B9  =B1-B2+B3+B4+B5+B6+B7+B8
```

ಕೊನೆಯ ಅಂಕಿಗೆ ಮೈನಸ್ ಬಂದರೆ ಆ ಮೊತ್ತ ನಿಮಗೆ ಬರಬೇಕು ಅಂತ ಅರ್ಥ. ನೋಟ್‌ಗೂ ಇದಕ್ಕೂ ಒಂದು ರೂಪಾಯಿಯ ಒಳಗೆ ವ್ಯತ್ಯಾಸ ಇದ್ದರೆ ಅದು ಪೈಸೆ ಹೊಂದಿಸಿದ್ದರಿಂದ. ಅದಕ್ಕಿಂತ ಜಾಸ್ತಿ ಇದ್ದರೆ ಸಾಲು ಸಾಲಾಗಿ ಹುಡುಕಿ. ಈ ಶೀಟ್ ಡೆಲಿವರಿಗೆ ಮಾತ್ರ ಸರಿ ಹೋಗುತ್ತದೆ.

ಕೊಂಡ ದಿನವೇ ಸ್ವಲ್ಪ ಮಾರಿದರೆ

ಚಿಕ್ಕಪ್ಪ ಆ 500ರಲ್ಲಿ 200 ಷೇರನ್ನು ಅದೇ ದಿನ 243ಕ್ಕೆ ಮಾರಿದ್ದರೆ ಅಂತ ಇಟ್ಟುಕೊಳ್ಳಿ. ಆಗ 200 ಷೇರು ಇಂಟ್ರಾಡೇ, ಉಳಿದ 300 ಡೆಲಿವರಿ. ಇಂಟ್ರಾಡೇಯಲ್ಲಿ ಕೊಂಡದ್ದಕ್ಕೆ ಎಸ್‌ಟಿಟಿ ಇಲ್ಲ, ಮಾರಿದ್ದಕ್ಕೆ ಶೇ. 0.025 ಮಾತ್ರ.

ಮೊದಲು ಸರಾಸರಿ ಬೆಲೆ ತೆಗೆಯಿರಿ. 1,20,100 ಭಾಗಿಸು 500, ಅಂದರೆ 240.20. ಉಳಿದ 300 ಷೇರಿಗೆ 72,060. ಅದಕ್ಕೆ ಶೇ. 0.1ರಂತೆ 72.06. ಮಾರಿದ 200 ಷೇರಿನ ಬೆಲೆ 48,600. ಅದಕ್ಕೆ ಶೇ. 0.025ರಂತೆ 12.15. ಒಟ್ಟು 84.21, ನೋಟ್‌ನಲ್ಲಿ 84 ಇರಬೇಕು. ಎಲ್ಲವನ್ನೂ ಡೆಲಿವರಿ ಅಂತ ಹಿಡಿದು ಹಾಕಿದರೆ 169 ಬರುತ್ತದೆ. ಸ್ಟಾಂಪ್ ಡ್ಯೂಟಿಯೂ ಇಂಟ್ರಾಡೇ ಭಾಗಕ್ಕೆ ಶೇ. 0.003 ಮಾತ್ರ. ಆ 200 ಷೇರಿನ ಬ್ರೋಕರೇಜ್ ಅನ್ನೂ ದರಪಟ್ಟಿಯ ಇಂಟ್ರಾಡೇ ದರದ ಜೊತೆ ಹೋಲಿಸಬೇಕು. ಅದು ಸಾಮಾನ್ಯವಾಗಿ ಡೆಲಿವರಿಗಿಂತ ತುಂಬ ಕಡಿಮೆ ಇರುತ್ತದೆ, ಹಾಗಾಗಿ ಇಲ್ಲಿ ತಪ್ಪಾದರೆ ಹೋಗುವ ದುಡ್ಡೂ ಜಾಸ್ತಿ.

ಲೆಡ್ಜರ್ ಜೊತೆ ತಾಳೆ

2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಸೆಟಲ್‌ಮೆಂಟ್, ಅಂದರೆ ಷೇರು ಮತ್ತು ದುಡ್ಡು ಕೈ ಬದಲಾಗುವುದು, ಮರುದಿನವೇ ಆಗುತ್ತದೆ. ನಡುವೆ ರಜೆ ಬಂದರೆ ಮುಂದಿನ ಕೆಲಸದ ದಿನ. ಸೆಟಲ್‌ಮೆಂಟ್ ಆದ ಮೇಲೆ ಲೆಡ್ಜರ್ ತೆಗೆದು ನೋಟ್‌ನ ಕೊನೆಯ ಅಂಕಿ, 41,505.84, ಹಾಗೇ ಅಲ್ಲಿ ಇದೆಯಾ ನೋಡಿ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇದನ್ನು ಹುಡುಕಬೇಡಿ. ನೀವು ಮೊದಲೇ 50,000 ಹಾಕಿದ್ದರೆ ಬ್ಯಾಂಕಿನಲ್ಲಿ ಕಾಣುವುದು ಆ 50,000 ಮಾತ್ರ.

ಲೆಡ್ಜರ್‌ನಲ್ಲಿ ನೋಟ್‌ನಲ್ಲಿ ಇಲ್ಲದ ಒಂದು ಖರ್ಚು ಕಾಣುತ್ತದೆ. ಅದು ಡಿಪಿ ಚಾರ್ಜ್. ಷೇರು ಮಾರಿದಾಗ ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋಗಲು ಹಿಡಿಯುವ ದುಡ್ಡು. ಒಂದು ಕಂಪನಿಯ ಷೇರಿಗೆ ದಿನಕ್ಕೆ ಒಂದು ಸಲ, 1 ಷೇರು ಮಾರಿದರೂ 100 ಮಾರಿದರೂ ಅಷ್ಟೇ. ಅದರ ದರವೂ ದರಪಟ್ಟಿಯಲ್ಲೇ ಇದೆ. ತಡವಾಗಿ ದುಡ್ಡು ಕಟ್ಟಿದ್ದಕ್ಕೆ ಬಡ್ಡಿ ಹಾಕಿದ್ದರೆ ಅದೂ ಇಲ್ಲೇ ಕಾಣುತ್ತದೆ. ಬ್ರೋಕರೇಜ್ ಸೊನ್ನೆ ಅನ್ನುವ ಖಾತೆ ಇರುವವರು ಈ ಎರಡು ಸಾಲನ್ನೇ ಮುಖ್ಯವಾಗಿ ನೋಡಬೇಕು.

ತಪ್ಪು ಸಿಕ್ಕಿದ ಮೇಲೆ

ಚಿಕ್ಕಪ್ಪ ಮಾರನೇ ದಿನವೇ ಚಿಕ್ಕಮಗಳೂರಿಗೆ ಬಂದು ಆಫೀಸಿನಲ್ಲಿ ಮಾತಾಡಿ ಬರುತ್ತೇನೆ ಅಂದರು. ನಾನು ಬೇಡ ಅಂದೆ. ಕಾಂಟ್ರಾಕ್ಟ್ ನೋಟ್‌ನ ಮೇಲೆ ಅಥವಾ ಕೊನೆಯಲ್ಲಿ ದೂರಿನ ಇಮೇಲ್ ವಿಳಾಸ ಇರುತ್ತದೆ. ಅದಕ್ಕೇ ಬರೆದೆವು. ಉದ್ದ ಪತ್ರ ಅಲ್ಲ, ನಾಲ್ಕೇ ಸಾಲು: ನೋಟ್ ನಂಬರ್ ಮತ್ತು ತಾರೀಖು, ದರಪಟ್ಟಿಯ ಪ್ರಕಾರ ಶೇ. 0.30, ಹಿಡಿದದ್ದು ಶೇ. 0.50, ಹೆಚ್ಚಿಗೆ ಹೋದದ್ದು ಜಿಎಸ್‌ಟಿ ಸೇರಿ 472.24. ಸಹಿ ಇರುವ ದರಪಟ್ಟಿಯ ಫೋಟೋ ಜೊತೆಗಿಟ್ಟೆವು. ಇದೇ ದರದಲ್ಲಿ ಬಂದ ಹಳೆಯ ನೋಟ್‌ಗಳ ಪಟ್ಟಿಯನ್ನೂ ಸೇರಿಸಿದೆವು. ದರ ಒಂದು ಸಲ ತಪ್ಪು ಕೂತರೆ ಪ್ರತಿ ನೋಟ್‌ನಲ್ಲೂ ತಪ್ಪೇ ಬಂದಿರುತ್ತದೆ ಅಲ್ವಾ?

ಬ್ರೋಕರ್ ಉತ್ತರ ಕೊಡದಿದ್ದರೆ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಅಲ್ಲಿ ಬ್ರೋಕರ್‌ಗೆ 21 ದಿನದ ಗಡುವು ಇದೆ. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಎರಡು ವಾರಕ್ಕೆ ಲೆಡ್ಜರ್‌ನಲ್ಲಿ ಏಳು ನೋಟ್‌ಗಳ ವ್ಯತ್ಯಾಸ ಜಮಾ ಆಯಿತು. ಮುಂದಿನ ಸಲ ಷೇರು ಕೊಂಡಾಗ ಚಿಕ್ಕಪ್ಪ ರಾತ್ರಿಯೇ ಫೋನ್ ಮಾಡಿದರು. "ಬೆಲೆ 310, ಪರ್ ಯೂನಿಟ್ 0.93 ಅಂತ ಇದೆ. ಸರಿ ಅಲ್ವೇನೋ?" ಸರಿ ಇತ್ತು.